ತಪ್ಪಿ ಹೋದ ₹18,500: ದುಡ್ಡು ಸಿಕ್ಕವರಿಗೆ ಹೇಗೆ ಬರೆಯಲಿ?

ಸೊಪ್ಪಿನ ಹೊರೆ (ಶಿಡ್ಲಘಟ್ಟ), ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೈಯುವವರು ಒಂದು ಸಾಲಿನಲ್ಲಿ ಬೈದು ಆಮೇಲೆ ದಾರಿ ಹೇಳಿ.

ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದೆ. ಈಗ ಅದಕ್ಕೆ ಹಗಲೂ ರಾತ್ರಿ ಸೊಪ್ಪು ಬೇಕು. ನಮ್ಮ ತೋಟದ್ದು ಸಾಲದೆ ಪಕ್ಕದೂರಿನ ಮಂಜುನಾಥಣ್ಣನ ತೋಟದ ಸೊಪ್ಪು ಮಾತಾಡಿದ್ದೆ. ಮಂಗಳವಾರ ಬೆಳಿಗ್ಗೆ 7.40ಕ್ಕೆ, ತಲೆ ಮೇಲಿನ ಹೊರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನಂಬರ್ ಒತ್ತಿ ₹18,500 ಕಳಿಸಿದೆ. ಕೊನೆಯ ಎರಡು ಅಂಕಿ ಹಿಂದೆ ಮುಂದೆ ಆಗಿವೆ. ಪಿನ್ ಹಾಕುವ ಮುಂಚೆ ಹೆಸರು ತೋರಿಸುತ್ತದಲ್ಲ, ಅದನ್ನೂ ನೋಡಿದೆ. ಮಂಜುನಾಥ ಎಂದೇ ಇತ್ತು! ನಮ್ಮ ಕಡೆ ಕಲ್ಲು ಎಸೆದರೆ ಯಾರೋ ಒಬ್ಬ ಮಂಜುನಾಥನ ಮೇಲೆ ಬೀಳುತ್ತದೆ. ಇನಿಷಿಯಲ್ ಬೇರೆ ಇತ್ತು, ಅದು ಕಣ್ಣಿಗೆ ಬೀಳಲಿಲ್ಲ.

ಬ್ಯಾಂಕಿಗೆ ಹೋದೆ. ನಾವೇ ವಾಪಸ್ ತೆಗೆಯಲು ಬರುವುದಿಲ್ಲ, ದುಡ್ಡು ಸಿಕ್ಕವರು ಒಪ್ಪಿದರೆ ಮಾತ್ರ ಎಂದರು. ಅವರ ವಿಳಾಸವನ್ನೂ ಕೊಡಲಿಲ್ಲ. ನಂಬರ್ ಹೇಗೂ ನನ್ನ ಹತ್ತಿರ ಇದೆ ಎಂದು ವಾಟ್ಸಾಪ್‌ನಲ್ಲಿ ಹೀಗೆ ಬರೆದೆ:

"ಅಣ್ಣ ನನ್ನ ದುಡ್ಡು 18,500 ನಿಮಗೆ ತಪ್ಪಿ ಬಂದಿದೆ. ತುಂಬಾ ಅರ್ಜೆಂಟ್. ಕೆಳಗಿನ ಕ್ಯೂಆರ್‌ಗೆ ಈಗಲೇ ಹಾಕಿ. ಇದು ನಮ್ಮ ಮನೆಯವರ ನಂಬರ್. ಹಾಕದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡಬೇಕಾಗುತ್ತದೆ."

ಓದಿದರು. ಐದು ನಿಮಿಷಕ್ಕೆ ಪ್ರೊಫೈಲ್ ಫೋಟೊ ಮಾಯ. ಬ್ಲಾಕ್ ಮಾಡಿದ್ದಾರೆ ಅನಿಸುತ್ತದೆ. ಈಗ ಏನು ಬರೆಯಲಿ, ಹೇಗೆ ತಲುಪಿಸಲಿ?

ಟೊಮೆಟೊ ಬಾಕ್ಸ್ (ಕೋಲಾರ)

ಅಣ್ಣ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ತಪ್ಪಿ ಹೋದ ದುಡ್ಡನ್ನು 48 ಗಂಟೆಯೊಳಗೆ ಬ್ಯಾಂಕ್ ವಾಪಸ್ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ರೂಲ್ ಇದೆ. ನನಗೆ ಯಾರೋ ಫಾರ್ವರ್ಡ್ ಮಾಡಿದ್ದರು. ಮ್ಯಾನೇಜರ್ ಮುಂದೆ ಕೂತು ಜೋರಾಗಿ ಕೇಳಿ. ಇಲ್ಲಾಂದ್ರೆ ಆ್ಯಪ್‌ನಲ್ಲಿ ಅವರಿಗೆ ₹18,500ಕ್ಕೆ ರಿಕ್ವೆಸ್ಟ್ ಹಾಕಿ, ಅವರು ಒಪ್ಪಿಗೆ ಒತ್ತಿದರೆ ಆಯಿತು.

ಕೌಂಟರ್ ನಂಬರ್ ಮೂರು (ಚಿಕ್ಕಬಳ್ಳಾಪುರ)

ಬ್ಯಾಂಕಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಈ 48 ಗಂಟೆಯ ಫಾರ್ವರ್ಡ್ ಹಿಡಿದುಕೊಂಡು ವಾರಕ್ಕೊಬ್ಬರು ಬರುತ್ತಾರೆ.

ಟೊಮೆಟೊ ಅವರೇ, ಬೇಗ ಹೇಳಬೇಕು ಅನ್ನುವುದು ಸರಿ. ದುಡ್ಡು ಅವರ ಖಾತೆಯಲ್ಲಿ ಇನ್ನೂ ಕೂತಿರುವಾಗ ಕೇಳಿದರೆ ಸಿಗುವುದು ಸುಲಭ. ಆದರೆ ಬ್ಯಾಂಕ್ ಕೊಡಲೇಬೇಕು ಅನ್ನುವುದು ಸರಿಯಲ್ಲ. ಮೂರು ಕೆಲಸದ ದಿನದೊಳಗೆ ಹೇಳಿದರೆ ನಷ್ಟ ನಿಮ್ಮದಲ್ಲ ಎನ್ನುವ ಸುತ್ತೋಲೆ ಒಂದು 2017ರಲ್ಲಿ ಬಂದಿತ್ತು. ಅದು ನಿಮಗೆ ಗೊತ್ತಿಲ್ಲದೆ ಯಾರೋ ಹಣ ಎತ್ತಿದಾಗ. ಇಲ್ಲಿ ನಂಬರ್ ಒತ್ತಿದ್ದೂ ಪಿನ್ ಹಾಕಿದ್ದೂ ಇವರೇ. ಇನ್ನು ಜನರಿಂದ ಜನರಿಗೆ ರಿಕ್ವೆಸ್ಟ್ ಹಾಕುವುದನ್ನು ಯುಪಿಐನಲ್ಲಿ 2025ರ ಅಕ್ಟೋಬರ್ 1ರಿಂದಲೇ ನಿಲ್ಲಿಸಿದ್ದಾರೆ. ಆ ದಾರಿಯಲ್ಲಿ ಮೋಸ ಜಾಸ್ತಿ ಆಗಿತ್ತು.

ಸೊಪ್ಪಿನ ಹೊರೆಯವರೇ, ಬ್ಯಾಂಕ್ ಯಾಕೆ ತೆಗೆದುಕೊಡುವುದಿಲ್ಲ ಅಂತ ಸಿಟ್ಟು ಬಂದಿರುತ್ತದೆ. ನಿಮ್ಮದೇ ವ್ಯಾಪಾರ ನೋಡಿ. ನೀವು ಸೊಪ್ಪು ಕುಯ್ದುಕೊಂಡು ಹೋಗಿ, ದುಡ್ಡು ಹಾಕಿ, ಮಾರನೇ ದಿನ ನಮ್ಮಲ್ಲಿ ಬಂದು "ತಪ್ಪಿ ಹೋಯಿತು, ತೆಗೆದುಕೊಡಿ" ಎಂದರೆ? ನಾವು ತೆಗೆದುಕೊಟ್ಟರೆ ಸೊಪ್ಪು ಕೊಟ್ಟವನ ಗತಿ? ದುಡ್ಡು ಯಾತಕ್ಕೆ ಹೋಯಿತು ಅಂತ ಕೌಂಟರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ದುಡ್ಡು ಬಿದ್ದ ಖಾತೆಯವರ ಒಪ್ಪಿಗೆ ಬೇಕು.

ಈಗ ನಿಮ್ಮ ಮೆಸೇಜಿಗೆ ಬರುತ್ತೇನೆ. ಕೋಪ ಮಾಡಿಕೊಳ್ಳಬೇಡಿ, ಅದು ಕಳ್ಳರು ಬರೆಯುವ ಮೆಸೇಜಿನ ಪಡಿಯಚ್ಚು. "ನಿಮಗೆ ತಪ್ಪಿ ದುಡ್ಡು ಬಂದಿದೆ" ಎಂದು ಸುಳ್ಳು ಎಸ್ಸೆಮ್ಮೆಸ್ ತೋರಿಸಿ, ಅವಸರ ಮಾಡಿ, ಬೇರೆ ಯಾರದೋ ಕ್ಯೂಆರ್ ಕೊಟ್ಟು, ಪೊಲೀಸ್ ಎಂದು ಹೆದರಿಸುವುದು ಅವರ ಹಳೆಯ ಆಟ. ನೀವು ನಾಲ್ಕನ್ನೂ ಒಂದೇ ಮೆಸೇಜಿನಲ್ಲಿ ಹಾಕಿದ್ದೀರಿ. ಬ್ಲಾಕ್ ಮಾಡಿದವರು ಬುದ್ಧಿವಂತರು.

ಸೊಪ್ಪಿನ ಹೊರೆ

ಈಗ ಓದಿದರೆ ನನಗೇ ಹಾಗೆ ಅನಿಸುತ್ತಿದೆ. ಕ್ಯೂಆರ್ ಮನೆಯವರದ್ದು ಯಾಕೆ ಕೊಟ್ಟೆ ಅಂದರೆ ನನ್ನ ಖಾತೆಯಿಂದ ಸಂಘದ ಕಂತು ಕಟ್ ಆಗುತ್ತದೆ, ದುಡ್ಡು ಬಂದ ತಕ್ಷಣ ಹೋಗಿಬಿಡುತ್ತದೆ ಅಂತ. ಬೇರೆ ದುರುದ್ದೇಶ ಇರಲಿಲ್ಲ.

ತೆಂಗಿನ ಗರಿ (ತುರುವೇಕೆರೆ)

ನನಗೂ ಹೀಗೇ ಆಗಿತ್ತು. ಗೊಬ್ಬರದ ಅಂಗಡಿಗೆ ₹4,200 ಹಾಕಿದೆ, ನನ್ನ ಖಾತೆಯಲ್ಲಿ ಕಟ್ ಆಯಿತು, ಅಂಗಡಿಯವರಿಗೆ ಬರಲೇ ಇಲ್ಲ. ಯಾರಿಗೂ ಮೆಸೇಜ್ ಮಾಡಲಿಲ್ಲ, ಮಾರನೇ ದಿನ ತಾನಾಗಿಯೇ ವಾಪಸ್ ಬಂತು. ನೀವೂ ಒಂದು ದಿನ ಕಾಯಬಹುದಿತ್ತು.

ಕೌಂಟರ್ ನಂಬರ್ ಮೂರು

ಅದು ಬೇರೆ, ಇದು ಬೇರೆ. ನಿಮ್ಮ ದುಡ್ಡು ಮಧ್ಯದಲ್ಲಿ ಸಿಕ್ಕಿಕೊಂಡಿತ್ತು, ಎಲ್ಲೂ ಮುಟ್ಟಿರಲಿಲ್ಲ. ಹಾಗಾದಾಗ ಅಂಗಡಿಗೆ ಹಾಕಿದ ದುಡ್ಡು ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಅಂತ 2019ರಿಂದ ನಿಯಮವೇ ಇದೆ. ಇವರದ್ದು ಸರಿಯಾಗಿಯೇ ಮುಟ್ಟಿದೆ, ಮುಟ್ಟಬಾರದವರಿಗೆ ಮುಟ್ಟಿದೆ. ಎಷ್ಟು ದಿನ ಕಾದರೂ ತಾನಾಗಿ ಬರುವುದಿಲ್ಲ.

ಹಿತ್ತಲ ಬಾಳೆ (ಗೌರಿಬಿದನೂರು)

ನಾನು ಆ ಕಡೆಯವಳು. ಅಂದರೆ ದುಡ್ಡು ತಪ್ಪಿ ಬಂದವಳು. ಹೋದ ವರ್ಷ ನನಗೆ ₹9,000 ಬಂತು. ಒಬ್ಬ ಹುಡುಗ ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡಿದ. ಮೊದಲು ಅತ್ತ, ಆಮೇಲೆ ಬೈದ. ನಮ್ಮೆಜಮಾನರು ಫೋನೇ ಎತ್ತಬೇಡ ಎಂದರು. ದುಡ್ಡು ಇಟ್ಟುಕೊಳ್ಳಬೇಕು ಅಂತ ಅಲ್ಲ. ವಾಪಸ್ ಕಳಿಸಿದ ಮೇಲೆ ನಮ್ಮ ಖಾತೆಯೇ ಖಾಲಿ ಆದರೆ? ಆ ದುಡ್ಡೇ ಕದ್ದದ್ದಾಗಿದ್ದು ನಾಳೆ ಪೊಲೀಸರು ನಮ್ಮ ಖಾತೆ ತಡೆದರೆ? ನಿದ್ದೆ ಬರಲಿಲ್ಲ.

ಕೊನೆಗೆ ಅವನ ಅಕ್ಕ ಒಂದು ಮೆಸೇಜ್ ಹಾಕಿದಳು. "ನೀವು ನಮ್ಮನ್ನು ನಂಬಬೇಡಿ ಅಕ್ಕ, ನಿಮ್ಮ ಬ್ಯಾಂಕಿಗೇ ಹೋಗಿ ಕೇಳಿ, ಅವರು ಹೌದು ಎಂದರೆ ಅಲ್ಲಿಂದಲೇ ಹಾಕಿಸಿ" ಅಂತ. ಅದನ್ನು ಓದಿ ಎದೆ ಹಗುರಾಯಿತು. ಕಳ್ಳರು ಯಾರಾದರೂ ಬ್ಯಾಂಕಿಗೆ ಹೋಗಿ ಅಂತಾರಾ? ಸೋಮವಾರವೇ ಹೋಗಿ ಕೊಟ್ಟು ಬಂದೆ.

ಗುಮಾಸ್ತ (ಚಿಂತಾಮಣಿ)

ಅಷ್ಟೆಲ್ಲ ಬೇಡಿಕೊಳ್ಳಬೇಕಾ? ಇದು ಐಪಿಸಿ 403. ಅನ್ಯರ ಸೊತ್ತು ನುಂಗುವುದು. ಸೆಕ್ಷನ್ ಹಾಕಿ ಒಂದು ನೋಟಿಸ್ ಕಳಿಸಿ, ಓಡಿ ಬರುತ್ತಾರೆ. ಅದೂ ಬೇಡ ಅಂದರೆ 1930ಕ್ಕೆ ಫೋನ್ ಮಾಡಿ ಮೋಸ ಹೋದೆ ಎಂದು ಹೇಳಿ. ಅವರ ಖಾತೆ ತಡೆ ಹಿಡಿಯುತ್ತಾರೆ, ಆಗ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಕರಿಕೋಟು (ಕೋಲಾರ)

ಗುಮಾಸ್ತರೇ, 2024ರ ಜುಲೈ 1ರಿಂದ ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂದಿದೆ. ನೀವು ಹೇಳಿದ್ದು ಅದರಲ್ಲಿ 314. ಅದಕ್ಕೂ ಅಪ್ರಾಮಾಣಿಕ ಉದ್ದೇಶ ಇತ್ತು ಅಂತ ತೋರಿಸಬೇಕು. ಅಪರಿಚಿತ ಮೆಸೇಜಿಗೆ ಹೆದರಿ ಬ್ಲಾಕ್ ಮಾಡಿದ್ದು ಅಪ್ರಾಮಾಣಿಕತೆ ಅಲ್ಲ. ಇವರಿಗೆ ನಿಜವಾಗಿ ಆಸರೆ ಆಗುವುದು 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್. ತಪ್ಪಿನಿಂದ ಹಣ ಪಡೆದವರು ಅದನ್ನು ಹಿಂದಿರುಗಿಸಬೇಕು ಅಂತ ಅದರಲ್ಲಿ ನೇರವಾಗಿಯೇ ಇದೆ. ದಾವೆ ಹಾಕಲು ಮೂರು ವರ್ಷ ಸಮಯವೂ ಇದೆ. ಹಾಗಾಗಿ ಮೊದಲ ವಾರವೇ ಕಾನೂನು ತೆಗೆಯುವ ಅಗತ್ಯ ಇಲ್ಲ.

1930 ಮಾತ್ರ ಖಂಡಿತ ಬೇಡ. ಅದು ಮೋಸ ಹೋದವರಿಗೆ ಇರುವುದು. ಮೋಸ ಆಗದೆ ಮೋಸ ಆಯಿತು ಎಂದು ದೂರು ಕೊಟ್ಟರೆ ಸುಳ್ಳು ದೂರು ಕೊಟ್ಟವರು ನೀವಾಗುತ್ತೀರಿ. ಒಂದು ತಪ್ಪೂ ಮಾಡದ ಮನುಷ್ಯನ ಖಾತೆ ನಿಂತುಹೋಗುತ್ತದೆ. ಆಮೇಲೆ ನಿಮಗೆ ಯಾವ ಮುಖ ಇಟ್ಟುಕೊಂಡು ದುಡ್ಡು ಕಳಿಸುತ್ತಾರೆ?

ಗುಮಾಸ್ತ (ಚಿಂತಾಮಣಿ)

314 ಒಪ್ಪಿದೆ. ಆದರೆ ಮೆಸೇಜಿನ ಕೊನೆಯಲ್ಲಿ ಕಾನೂನಿನ ಒಂದು ಸಾಲು ಇರಲಿ ಅನ್ನುವುದು ನನ್ನ ಅಭಿಪ್ರಾಯ. ಮೆತ್ತಗೆ ಕಂಡರೆ ಜನ ಉತ್ತರ ಕೊಡುವುದಿಲ್ಲ.

ಹಿತ್ತಲ ಬಾಳೆ

ನನಗೆ ಆ ಸಾಲು ಬಂದಿದ್ದರೆ ನಾನೂ ಬ್ಲಾಕ್ ಮಾಡುತ್ತಿದ್ದೆ.

ಕೌಂಟರ್ ನಂಬರ್ ಮೂರು

ಸೊಪ್ಪಿನ ಹೊರೆಯವರೇ, ನಾಳೆ ಬೆಳಿಗ್ಗೆ ಮೊದಲು ಮಾಡಬೇಕಾದ್ದು ಮೆಸೇಜ್ ಅಲ್ಲ. ನಿಮ್ಮ ಶಾಖೆಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಿ. ದಿನಾಂಕ, ಸಮಯ, ಮೊತ್ತ, ಯಾವ ನಂಬರಿಗೆ ಹೋಗಬೇಕಿತ್ತು, ಯಾವುದಕ್ಕೆ ಹೋಯಿತು, ಮತ್ತು ಯುಟಿಆರ್ ನಂಬರ್. ಆ್ಯಪ್‌ನಲ್ಲಿ ಆ ಪಾವತಿ ತೆರೆದರೆ ಹನ್ನೆರಡು ಅಂಕಿಯ ನಂಬರ್ ಕಾಣುತ್ತದೆ, ಅದೇ. ಬರೀ ಬಾಯಲ್ಲಿ ಹೇಳಿ ಬಂದರೆ ಏನೂ ಆಗುವುದಿಲ್ಲ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನಿಮ್ಮ ಬ್ಯಾಂಕ್ ಅದನ್ನು ಅವರ ಬ್ಯಾಂಕಿಗೆ ಕಳಿಸುತ್ತದೆ, ಅವರ ಶಾಖೆಯವರು ಅವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳುತ್ತಾರೆ. ಬ್ಲಾಕ್ ಮಾಡಿದವರನ್ನು ತಲುಪಲು ಸದ್ಯಕ್ಕೆ ಇದೇ ದಾರಿ. ಬೇರೆ ನಂಬರಿನಿಂದ ಮತ್ತೆ ಮೆಸೇಜ್ ಹಾಕಬೇಡಿ, ಇನ್ನಷ್ಟು ಹೆದರುತ್ತಾರೆ.

ಅರ್ಜಿ ಕೊಟ್ಟ ಮೇಲೆ ಮೆಸೇಜಿನಲ್ಲಿ ಬರೆಯಲು ನಿಮಗೊಂದು ಗಟ್ಟಿ ವಿಷಯವೂ ಸಿಗುತ್ತದೆ: "ನಿಮ್ಮ ಬ್ಯಾಂಕಿನವರೇ ನಿಮಗೆ ಫೋನ್ ಮಾಡುತ್ತಾರೆ."

ಟೊಮೆಟೊ ಬಾಕ್ಸ್

ಒಂದು ರೂಪಾಯಿ ಕಳಿಸಿ ಅದರ ಜೊತೆಯ ನೋಟಿನಲ್ಲಿ ನಾಲ್ಕು ಪದ ಬರೆದರೆ? ನನ್ನ ಸ್ನೇಹಿತ ಹಾಗೆ ಮಾಡಿ ಗೆದ್ದ.

ಕೌಂಟರ್ ನಂಬರ್ ಮೂರು

ನಂಬರ್ ಗೊತ್ತಿಲ್ಲದೆ ಯುಪಿಐ ಐಡಿ ಮಾತ್ರ ಇದ್ದಾಗ ಮಾಡುತ್ತಾರೆ. ಈಗ ಕಳ್ಳರೂ ಚಿಲ್ಲರೆ ದುಡ್ಡು ಹಾಕಿ ಆಸೆ ತೋರಿಸುವುದರಿಂದ ನನಗೆ ಇಷ್ಟವಿಲ್ಲ. ಕೆಲವರಿಗೆ ಕೆಲಸ ಮಾಡಿದೆ, ಇಲ್ಲ ಎನ್ನುವುದಿಲ್ಲ.

ಸೊಪ್ಪಿನ ಹೊರೆ, ಶುಕ್ರವಾರ

ಅರ್ಜಿ ಕೊಟ್ಟೆ, ಸೀಲು ಹಾಕಿಸಿಕೊಂಡೆ. ನಿಜವಾದ ಮಂಜುನಾಥಣ್ಣನಿಗೆ ಸಾಲ ಮಾಡಿ ಅರ್ಧ ಕೊಟ್ಟೆ. ಮೆಸೇಜ್ ಈಗಲೇ ಬರೆದಿಟ್ಟುಕೊಂಡಿದ್ದೇನೆ. ತಿದ್ದಿ ಕೊಡಿ.

"ನಮಸ್ಕಾರ ಸರ್. ನಾನು ಶಿಡ್ಲಘಟ್ಟದ ರೇಷ್ಮೆ ರೈತ. ಮೊನ್ನೆ ಹೆದರಿಸಿ ಬರೆದಿದ್ದಕ್ಕೆ ಕ್ಷಮಿಸಿ. ನನ್ನ ಪರಿಸ್ಥಿತಿ ತುಂಬಾ ಕಷ್ಟದಲ್ಲಿದೆ. ಮಕ್ಕಳ ಫೀಸು, ಸಾಲ, ಹುಳಕ್ಕೆ ಸೊಪ್ಪಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ, ದಯವಿಟ್ಟು ನನ್ನ ಹಣ ಕೊಡಿ."

ಹಿತ್ತಲ ಬಾಳೆ

ಅಯ್ಯೋ ಅಣ್ಣ, ಕಾಲಿಗೆ ಬೀಳುವುದು ಬೇಡ. ಆ ಹುಡುಗ ಅತ್ತಾಗ ನನಗೆ ಇನ್ನೂ ಅನುಮಾನ ಜಾಸ್ತಿ ಆಗಿದ್ದು. ಕಷ್ಟ ಹೇಳಿಕೊಂಡರೆ ದಾನ ಕೇಳಿದ ಹಾಗೆ ಆಗುತ್ತದೆ. ನೀವು ಕೇಳುತ್ತಿರುವುದು ನಿಮ್ಮದೇ ದುಡ್ಡು.

ಕೌಂಟರ್ ನಂಬರ್ ಮೂರು

ಅಕ್ಕ ಹೇಳಿದ್ದು ಸರಿ. ಓದುವವರು ತಾವೇ ಪರೀಕ್ಷೆ ಮಾಡಿ ನೋಡಬಹುದಾದ್ದನ್ನು ಬರೆಯಿರಿ. ನಾನು ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಮಂಜುನಾಥ್ ಅವರೇ. ಮಂಗಳವಾರ ಬೆಳಿಗ್ಗೆ 7.40ಕ್ಕೆ ನಾನು ₹18,500 ಕಳಿಸುವಾಗ ಫೋನ್ ನಂಬರಿನ ಕೊನೆಯ ಎರಡು ಅಂಕಿ ಅದಲು ಬದಲಾಗಿ ಹಣ ನಿಮ್ಮ ಖಾತೆಗೆ ಬಂದಿದೆ. ತಪ್ಪು ನನ್ನದು. ಬುಧವಾರ ಒರಟಾಗಿ ಬರೆದೆ, ಕ್ಷಮಿಸಿ. ಆಗ ಕಳಿಸಿದ ಕ್ಯೂಆರ್ ಬಳಸಬೇಡಿ.

ನನ್ನ ಮಾತು ನಂಬುವ ಅಗತ್ಯ ಇಲ್ಲ. ಎಸ್ಸೆಮ್ಮೆಸ್ ಅಲ್ಲ, ನಿಮ್ಮ ಪಾಸ್‌ಬುಕ್ ಅಥವಾ ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ. ಆ ಪಾವತಿಯ ಯುಟಿಆರ್ ನಂಬರಿನ ಕೊನೆಯ ನಾಲ್ಕು ಅಂಕಿ ಕೆಳಗೆ ಬರೆದಿದ್ದೇನೆ, ತಾಳೆ ನೋಡಿ. ನನ್ನ ಬ್ಯಾಂಕಿಗೂ ಅರ್ಜಿ ಕೊಟ್ಟಿದ್ದೇನೆ, ಸೀಲು ಇರುವ ಪ್ರತಿಯ ಫೋಟೊ ಇದೆ.

ಹಣ ಬಂದಿರುವುದು ಖಚಿತವಾದರೆ ನಿಮ್ಮ ಶಾಖೆಗೆ ಹೋಗಿ ವಾಪಸ್ ಕಳಿಸಲು ಒಪ್ಪಿಗೆ ಬರೆದುಕೊಡಬಹುದು. ಅಥವಾ ನಿಮ್ಮ ಆ್ಯಪ್‌ನಲ್ಲಿ ನನ್ನಿಂದ ಬಂದ ಅದೇ ಪಾವತಿ ತೆರೆದು, ನನಗೇ ಹಿಂದಕ್ಕೆ ಹಾಕಬಹುದು. ಬೇರೆ ಯಾವ ನಂಬರಿಗೂ ಹಾಕಬೇಡಿ. ನಾನು ಲಿಂಕ್, ಒಟಿಪಿ, ಪಿನ್ ಏನೂ ಕೇಳುವುದಿಲ್ಲ. ಶಾಖೆಗೆ ಹೋಗಿಬರುವ ಬಸ್ ಖರ್ಚು ನಾನು ಕೊಡುತ್ತೇನೆ. ನಿಮಗೆ ಅನುಕೂಲವಾದ ದಿನ ತಿಳಿಸಿ."

ಅದೇ ಪಾವತಿ ತೆರೆದು ಹಾಕಿ ಎಂದು ಯಾಕೆ ಬರೆದೆ ಅಂದರೆ, ಬಂದ ದಾರಿಯಲ್ಲೇ ಹೋದರೆ ಕಳಿಸಿದವನಿಗೇ ಮುಟ್ಟಿತು ಅನ್ನುವುದಕ್ಕೆ ಅವರ ಹತ್ತಿರ ದಾಖಲೆ ಇರುತ್ತದೆ. ಮೂರನೆಯವರ ಖಾತೆಗೆ ಹಾಕಿಬಿಟ್ಟರೆ, ನಾಳೆ ನೀವು ನನಗೆ ಬಂದಿಲ್ಲ ಎಂದರೆ ಅವರು ಸಿಕ್ಕಿಬೀಳುತ್ತಾರೆ. ನಿಮ್ಮ ಮನೆಯವರ ಕ್ಯೂಆರ್‌ನ ದೊಡ್ಡ ದೋಷ ಅದು. ಸಂಘದ ಕಂತಿನ ದುಡ್ಡು ಬೇರೆ ಹೊಂದಿಸಿಕೊಳ್ಳಿ.

ಕರಿಕೋಟು

ಯುಟಿಆರ್ ಪೂರ್ತಿ ಕೊಡಿ ಅನ್ನುತ್ತೇನೆ ನಾನು. ಮುಂದೆ ನೋಟಿಸ್ ಕಳಿಸಬೇಕಾದರೆ ಏನು ಕೇಳಿದ್ದೀರಿ ಅನ್ನುವುದು ಸ್ಪಷ್ಟವಾಗಿರಬೇಕು.

ಕೌಂಟರ್ ನಂಬರ್ ಮೂರು

ಪೂರ್ತಿ ನಂಬರ್ ಅರ್ಜಿಯಲ್ಲಿ ಇದೆಯಲ್ಲ. ಇಲ್ಲಿ ನಾಲ್ಕೇ ಕೊಟ್ಟರೆ ಉಳಿದದ್ದನ್ನು ನೋಡಲು ಅವರು ತಮ್ಮ ಖಾತೆಯನ್ನೇ ತೆರೆಯಬೇಕು. ನನಗೆ ಬೇಕಾದ್ದು ಅದು. ನಿಮ್ಮ ಮಾತೂ ತಪ್ಪಲ್ಲ.

ತೆಂಗಿನ ಗರಿ

ಮೆಸೇಜ್ ಉದ್ದ ಆಯಿತು ಅನಿಸಲ್ವಾ? ನಮ್ಮಪ್ಪ ಆಗಿದ್ದರೆ ಎರಡನೇ ಸಾಲಿಗೇ ಬಿಟ್ಟುಬಿಡುತ್ತಿದ್ದರು.

ಸೊಪ್ಪಿನ ಹೊರೆ, ಮುಂದಿನ ಬುಧವಾರ

ವಿಷಯ ಸ್ವಲ್ಪ ಮುಂದೆ ಹೋಗಿದೆ. ಸೋಮವಾರ ಅವರ ಶಾಖೆಯಿಂದ ಅವರಿಗೆ ಫೋನ್ ಹೋಗಿದೆ. ಸಂಜೆಗೆ ನನ್ನ ಬ್ಲಾಕ್ ತೆಗೆದರು. ಆ ಮೆಸೇಜ್ ಹಾಕಿದೆ. ಉತ್ತರ ಬಂದದ್ದು ತೆಲುಗಿನಲ್ಲಿ, ಅದೂ ಅವರ ಮಗಳಿಂದ. ಬಾಗೇಪಲ್ಲಿ ಕಡೆಯವರು, ವಯಸ್ಸಾದವರು, ಓದಲು ಬರುವುದಿಲ್ಲವಂತೆ. ನಾನು ಮನೆಯಲ್ಲಿ ಮಾತಾಡುವ ತೆಲುಗಿನಲ್ಲೇ ಅಷ್ಟನ್ನೂ ವಾಯ್ಸ್ ಮಾಡಿ ಕಳಿಸಿದೆ. ನನ್ನ ದನಿ ಕೇಳಿದ ಮೇಲೆ ಹಿರಿಯರೇ ಫೋನ್ ಮಾಡಿದರು. ಮೊದಲನೇ ಪ್ರಶ್ನೆ, "ಹುಳ ಎಷ್ಟು ಮೊಟ್ಟೆ ಇಟ್ಟಿದ್ದೀಯಪ್ಪ?" ಅಂತ. ಅವರೂ ಹಿಂದೆ ಹುಳ ಸಾಕಿದವರೇ.

ಆದರೆ ಪೂರ್ತಿ ದುಡ್ಡು ಸಿಗಲಿಲ್ಲ. ನಾನು ಹಾಕಿದ ದಿನವೇ ಅವರ ಬಾಕಿ ಸಾಲದ ಕಂತಿಗೆ ₹6,200 ತಾನಾಗಿಯೇ ಕಟ್ ಆಗಿದೆ. ಪಾಸ್‌ಬುಕ್ ಫೋಟೊ ಕಳಿಸಿದರು, ನಿಜವೇ. ಉಳಿದ ₹12,300 ನಿನ್ನೆ ಹಾಕಿದ್ದಾರೆ, ಅದೇ ಪಾವತಿ ತೆರೆದು ನನ್ನ ಹೆಸರಿಗೇ. ಬಾಕಿ ದುಡ್ಡು ಕಡ್ಲೆಕಾಯಿ ಮಾರಿದ ಮೇಲೆ ಎಂದಿದ್ದಾರೆ. ಅವರಿಗೆ ಈಗ ಏನು ಬರೆಯಲಿ? ಕೇಳಲು ಮನಸ್ಸು ಬರುವುದಿಲ್ಲ, ಬಿಡಲೂ ಆಗುವುದಿಲ್ಲ.

ಗುಮಾಸ್ತ (ಚಿಂತಾಮಣಿ)

ಬ್ಯಾಂಕ್ ಕಟ್ ಮಾಡಿಕೊಂಡಿದ್ದು ನಿಮ್ಮ ದುಡ್ಡು. ಆ ಬ್ಯಾಂಕಿನ ಮೇಲೆ cms.rbi.org.in ನಲ್ಲಿ ದೂರು ಹಾಕಿ.

ಕೌಂಟರ್ ನಂಬರ್ ಮೂರು

ಅಲ್ಲಿ ದೂರು ಹಾಕಬೇಕಾದರೆ ಮೊದಲು ಬ್ಯಾಂಕಿಗೆ ಬರೆದು 30 ದಿನ ಕಾಯಬೇಕು. ಬ್ಯಾಂಕಿನ ಸೇವೆಯಲ್ಲಿ ಲೋಪ ಇತ್ತು ಅಂತಲೂ ಹೇಳಬೇಕು. ಕಂತು ಕಟ್ ಆದದ್ದು ಅವರು ಮೊದಲೇ ಬರೆದುಕೊಟ್ಟ ಒಪ್ಪಿಗೆಯ ಮೇಲೆ. ಅದು ಯಾರ ದುಡ್ಡು ಅಂತ ಆಗ ಕಂಪ್ಯೂಟರಿಗೆ ಗೊತ್ತಿಲ್ಲ. ನನಗೇನೋ ನಿಲ್ಲುವುದಿಲ್ಲ ಅನಿಸುತ್ತದೆ.

ಕರಿಕೋಟು

ನನಗೆ ಅಷ್ಟು ಖಚಿತ ಇಲ್ಲ. ತಪ್ಪಿ ಬಂದ ಹಣ ಎಂದು ತಿಳಿದ ಮೇಲೂ ಸಾಲಕ್ಕೆ ಹಿಡಿದಿಟ್ಟುಕೊಳ್ಳಬಹುದಾ ಅನ್ನುವುದು ವಾದ ಮಾಡುವಂಥ ವಿಷಯ. ₹6,200ಕ್ಕೆ ಯಾರೂ ವಾದ ಮಾಡುವುದಿಲ್ಲ, ಅದು ಬೇರೆ ಮಾತು. ಆ ಹಣದಿಂದ ಅವರ ಸಾಲ ತೀರಿದೆ, ಹಾಗಾಗಿ ಕೊಡಬೇಕಾದವರು ಅವರೇ. ಬರವಣಿಗೆಯಲ್ಲಿ ಒಂದು ಒಪ್ಪಿಗೆ ಇರಲಿ, ಮರ್ಯಾದೆಯಿಂದ. ಹೀಗೆ:

"ಅಯ್ಯಾ, ₹12,300 ಮುಟ್ಟಿದೆ, ತುಂಬಾ ಉಪಕಾರವಾಯಿತು. ಉಳಿದ ₹6,200 ಕಡ್ಲೆಕಾಯಿ ಮಾರಿದ ಮೇಲೆ ಕೊಡುವುದಾಗಿ ಹೇಳಿದ್ದೀರಿ. ಒಂದೇ ಸಲ ಆಗದಿದ್ದರೆ ಎರಡು ಸಲ ಕೊಟ್ಟರೂ ಸರಿ. ಯಾವ ತಿಂಗಳು ಎಂದು ಒಂದು ಮಾತು ಹೇಳಿದರೆ ನಾನೂ ಸೊಪ್ಪಿನವರಿಗೆ ಹೇಳಿಕೊಳ್ಳುತ್ತೇನೆ. ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲಿ ಇಷ್ಟು ಬಂದಿದೆ ಎಂದು ಬರೆದುಕೊಡುತ್ತೇನೆ, ನಿಮಗೆ ಅಲ್ಲಿಂದ ತೊಂದರೆ ಆಗುವುದಿಲ್ಲ."

ಅವರು "ಸರಿ" ಎಂದು ಉತ್ತರ ಕೊಟ್ಟರೂ ಸಾಕು, ಅಳಿಸಬೇಡಿ. ಕೊನೆಯ ಸಾಲನ್ನು ಬರೀ ಮಾತಿಗೆ ಬಿಡಬೇಡಿ, ನಿಜವಾಗಿಯೂ ಶಾಖೆಗೆ ಹೋಗಿ ಬರೆದುಕೊಡಿ.

ಹಿತ್ತಲ ಬಾಳೆ

ಇದನ್ನೂ ತೆಲುಗಿನಲ್ಲೇ ಹೇಳಿ ಅಣ್ಣ. ಹಿರಿಯರಿಗಲ್ಲ, ಮಗಳ ಹತ್ತಿರ. ಅವಳೇ ಅವರಿಗೆ ಹೇಳಲಿ.

ಸೊಪ್ಪಿನ ಹೊರೆ, ಶುಕ್ರವಾರ

ಶಾಖೆಗೆ ಹೋಗಿ ಬರೆದುಕೊಟ್ಟು ಬಂದೆ. ಮಗಳಿಗೆ ವಾಯ್ಸ್ ಕಳಿಸಿ, ಕೆಳಗೆ ಅಕ್ಷರದಲ್ಲೂ ಹಾಕಿದೆ. "ಸಂಕ್ರಾಂತಿ ಆದಮೇಲೆ" ಎಂದು ಉತ್ತರ ಬಂದಿದೆ. ಯಾವ ತಾರೀಖು ಅಂತ ಕೇಳಲಿಲ್ಲ.

ಟೊಮೆಟೊ ಬಾಕ್ಸ್

ಹುಳ ಹಣ್ಣಾಯಿತಾ?

ಸೊಪ್ಪಿನ ಹೊರೆ

ಇವತ್ತು ಬೆಳಿಗ್ಗೆ ಚಂದ್ರಿಕೆಗೆ ಬಿಟ್ಟೆವು. ಮಂಜುನಾಥಣ್ಣನಿಗೆ ಉಳಿದ ಅರ್ಧವನ್ನು ನೋಟಿನಲ್ಲೇ ಎಣಿಸಿ ಕೊಟ್ಟೆ.